ಫ್ಲ್ಯಾಟ್ ಕೊಂಡ ಮೇಲೆ ಕರೆಂಟು, ನೀರಿನ ಸಂಪರ್ಕ ನಿಮ್ಮ ಹೆಸರಿಗೆ ಬರುವುದು ಹೇಗೆ?

ದಾವಣಗೆರೆಯಲ್ಲಿ ಫ್ಲ್ಯಾಟ್ ಕೊಳ್ಳುವವರು ವಿದ್ಯುತ್ ಮತ್ತು ನೀರಿನ ಸಂಪರ್ಕದ ಹೆಸರು ಬದಲಾವಣೆಯನ್ನು ನೋಂದಣಿಯ ನಂತರದ ಕೆಲಸವೆಂದು ಮುಂದಕ್ಕೆ ಹಾಕುವುದುಂಟು. ಆದರೆ ಅದಕ್ಕೆ ಬೇಕಾಗುವ ಮಾರಾಟಗಾರರ ಸಹಿಗಳು ಸಲೀಸಾಗಿ ಸಿಗುವುದು ಪೂರ್ತಿ ಹಣ ಅವರ ಕೈಸೇರುವ ತನಕ ಮಾತ್ರ. ಆದ್ದರಿಂದ ಕೆಲಸವನ್ನು ಉಪನೋಂದಣಾಧಿಕಾರಿ ಕಚೇರಿಗೆ ಹೋಗುವ ಮೊದಲೇ ಆರಂಭಿಸಬೇಕು.

ಮೊದಲು ಬಿಲ್ಲು, ಆಮೇಲೆ ಮೀಟರ್

ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳಿಗೆ ವಿದ್ಯುತ್ ಪೂರೈಸುವುದು ಬೆಸ್ಕಾಂ. ಮಾರಾಟಗಾರರಿಂದ ಇತ್ತೀಚಿನ ಬಿಲ್ಲನ್ನು ಪಡೆದು, ಅದರಲ್ಲಿರುವ ಆರ್.ಆರ್. ಸಂಖ್ಯೆ, ಮಂಜೂರಾದ ಲೋಡ್ ಮತ್ತು ಹಿಂಬಾಕಿ, ಈ ಮೂರನ್ನು ನೋಡಿ. ಗೃಹಜ್ಯೋತಿ ಯೋಜನೆಯಡಿ ತಿಂಗಳ ಮೊತ್ತ ಸೊನ್ನೆ ಬಂದಿದ್ದರೂ ಹಳೆಯ ಬಾಕಿ ಬೇರೆ ಸಾಲಿನಲ್ಲಿ ಉಳಿದಿರಬಹುದು. ಹಳೆಯ ಮಾಲೀಕರ ಬಾಕಿ ತಮಗೆ ಸಂಬಂಧಿಸಿದ್ದಲ್ಲ ಎಂದು ವಾದಿಸುವುದು ಕಷ್ಟ. ನಿಯಮಗಳು ಅವಕಾಶ ಕೊಡುವಲ್ಲಿ ಹೊಸ ಮಾಲೀಕರಿಂದ ಅದನ್ನು ಕೇಳಬಹುದು ಎಂದು ಸುಪ್ರೀಂ ಕೋರ್ಟ್ 2023ರ ಮೇ ತಿಂಗಳಲ್ಲಿ ಕೇರಳ ವಿದ್ಯುತ್ ಮಂಡಳಿಗೆ ಸಂಬಂಧಿಸಿದ ಪ್ರಕರಣದಲ್ಲಿ ಹೇಳಿದೆ.

ಅಪಾರ್ಟ್‌ಮೆಂಟುಗಳಲ್ಲಿ ಎಲ್ಲ ಮೀಟರುಗಳೂ ಸಾಮಾನ್ಯವಾಗಿ ನೆಲಮಹಡಿಯ ಒಂದೇ ಪ್ಯಾನೆಲ್‌ನಲ್ಲಿರುವುದರಿಂದ, ಎರಡು ಮನೆಗಳ ಸಂಪರ್ಕ ಅದಲುಬದಲಾಗಿರುವ ಸಾಧ್ಯತೆ ಇರುತ್ತದೆ. ಬಿಲ್ಲಿನಲ್ಲಿ ನಮೂದಾದ ಮೀಟರ್ ಸಂಖ್ಯೆಯನ್ನು ಮೀಟರಿನ ಮೇಲಿನ ಸಂಖ್ಯೆಯೊಂದಿಗೆ ತಾಳೆ ನೋಡಿ. ಬಳಿಕ ಫ್ಲ್ಯಾಟಿನಲ್ಲಿ ಗೀಸರ್ ಆನ್ ಮಾಡಿಸಿದರೆ, ಆ ಮೀಟರಿನ ಕೆಂಪು ದೀಪ ಬೇಗಬೇಗ ಮಿನುಗಬೇಕು. ಗೀಸರ್ ಆರಿಸಿದರೆ ನಿಧಾನವಾಗಬೇಕು. ಹಾಗಾಗದಿದ್ದರೆ ಹೆಸರು ಬದಲಾಯಿಸುವ ಮೊದಲು ಆ ದೋಷವನ್ನೇ ಸರಿಪಡಿಸಿಕೊಳ್ಳಬೇಕು, ಇಲ್ಲವಾದರೆ ಪಕ್ಕದ ಮನೆಯ ಮೀಟರ್ ನಿಮ್ಮ ಹೆಸರಿಗೆ ಬರುತ್ತದೆ.

ಠೇವಣಿಯ ಲೆಕ್ಕ

ಪ್ರತಿ ಸಂಪರ್ಕಕ್ಕೂ ಬೆಸ್ಕಾಂನಲ್ಲಿ ಭದ್ರತಾ ಠೇವಣಿ ಇರುತ್ತದೆ. ಅದು ಸುಮಾರು ಎರಡು ತಿಂಗಳ ಸರಾಸರಿ ಬಿಲ್ಲಿಗೆ ಸಮನಾಗಿರಬೇಕು. ಉದಾಹರಣೆಗೆ, ವಿದ್ಯಾನಗರದ ಒಂದು ಫ್ಲ್ಯಾಟಿನ ಸರಾಸರಿ ಬಿಲ್ 1,200 ರೂಪಾಯಿ, ಹಳೆಯ ಠೇವಣಿ 1,500 ರೂಪಾಯಿ ಎಂದುಕೊಳ್ಳೋಣ. ಇರಬೇಕಾದುದು 2,400, ಕೊರತೆ 900. ಮಾರಾಟಗಾರರು ಠೇವಣಿಯನ್ನು ಖರೀದಿದಾರರ ಹೆಸರಿಗೆ ವರ್ಗಾಯಿಸಲು ಒಪ್ಪಿಗೆ ಪತ್ರ ಕೊಟ್ಟರೆ, ಖರೀದಿದಾರರು ಅವರಿಗೆ 1,500 ರೂಪಾಯಿ ಕೊಟ್ಟು, ಬೆಸ್ಕಾಂ ಕೇಳಿದಾಗ ಉಳಿದ 900 ಕಟ್ಟಿದರೆ ಸಾಕು. ಒಪ್ಪಿಗೆ ಪತ್ರವಿಲ್ಲದಿದ್ದರೆ ಸಾಮಾನ್ಯವಾಗಿ ಛಾಪಾ ಕಾಗದದಲ್ಲಿ ನಷ್ಟಭರ್ತಿ ಮುಚ್ಚಳಿಕೆ ಬರೆದುಕೊಟ್ಟು, ಠೇವಣಿಯನ್ನು ಹೊಸದಾಗಿ ಕಟ್ಟಬೇಕಾಗುತ್ತದೆ. ಒಪ್ಪಿಗೆ ಪತ್ರದಲ್ಲಿ ಆರ್.ಆರ್. ಸಂಖ್ಯೆ ಮತ್ತು ಮಾರಾಟಗಾರರ ಹೆಸರು ಬಿಲ್ಲಿನಲ್ಲಿರುವಂತೆಯೇ ಇರಲಿ. ಬಿಲ್ಲು ಇನ್ನೂ ಬಿಲ್ಡರ್ ಹೆಸರಿನಲ್ಲಿದ್ದರೆ ಒಪ್ಪಿಗೆ ಬೇಕಾಗುವುದು ಬಿಲ್ಡರಿನದು. ಎರಡನೇ ಕೈ ಫ್ಲ್ಯಾಟುಗಳಲ್ಲಿ ಇದನ್ನು ಮರೆಯಬಾರದು.

ಗೃಹಜ್ಯೋತಿಯ ನೋಂದಣಿ ಮಾರಾಟಗಾರರ ಆಧಾರ್‌ಗೆ ಜೋಡಣೆಯಾಗಿದ್ದರೆ, ಅದನ್ನು ಸೇವಾಸಿಂಧು ಮೂಲಕ ಅವರೇ ಕಳಚಿಸಿಕೊಳ್ಳಬೇಕು. ಅವರು ಹೊಸ ಮನೆಯಲ್ಲಿ ಸೌಲಭ್ಯ ಪಡೆಯಲೂ ಅದು ಅಗತ್ಯವಾದ್ದರಿಂದ, ಕೇಳಿದರೆ ಸಾಮಾನ್ಯವಾಗಿ ತಕರಾರು ಮಾಡುವುದಿಲ್ಲ.

ನೋಂದಣಿಯ ನಂತರ

ಕ್ರಯಪತ್ರವಾದ ಕೂಡಲೇ ಮಹಾನಗರ ಪಾಲಿಕೆಯಲ್ಲಿ ಇ-ಖಾತೆಯನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳುವುದು ಮೊದಲ ಹೆಜ್ಜೆ. ಖಾತೆ ಕೈಗೆ ಬಂದ ಮೇಲೆ ಬೆಸ್ಕಾಂ ಉಪವಿಭಾಗ ಕಚೇರಿಗೆ ಕ್ರಯಪತ್ರ, ಖಾತೆ, ಗುರುತಿನ ಚೀಟಿ ಇವುಗಳ ಪ್ರತಿ, ಇತ್ತೀಚೆಗೆ ಕಟ್ಟಿದ ಬಿಲ್ಲಿನ ರಸೀದಿ ಮತ್ತು ಮೇಲೆ ಹೇಳಿದ ಒಪ್ಪಿಗೆ ಪತ್ರಗಳೊಂದಿಗೆ ಅರ್ಜಿ ಸಲ್ಲಿಸಿ, ಸ್ವೀಕೃತಿ ಪಡೆಯಬೇಕು. ಕ್ರಯಪತ್ರ, ಖಾತೆ ಮತ್ತು ಆಧಾರ್‌ನಲ್ಲಿ ನಿಮ್ಮ ಹೆಸರಿನ ಇನಿಶಿಯಲ್ ಬೇರೆಬೇರೆಯಾಗಿದ್ದರೆ ಅರ್ಜಿ ಅಲ್ಲಿಯೇ ನಿಲ್ಲುತ್ತದೆ. ಖಾತೆಯ ಕರಡು ಸಿಕ್ಕಾಗಲೇ ಅದನ್ನು ಸರಿಪಡಿಸಿಕೊಳ್ಳುವುದು ಸುಲಭ. ಬಿಲ್ಲಿನ ವಿಷಯದಲ್ಲಿ ತೊಡಕಾದರೆ ಬೆಸ್ಕಾಂ ಸಹಾಯವಾಣಿ 1912ಕ್ಕೆ ದೂರು ಕೊಡಬಹುದು.

ನೀರು: ಸಂಪರ್ಕ ಯಾರದು?

ನೀರಿನ ವಿಷಯದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ, ಫ್ಲ್ಯಾಟಿಗೆ ಪ್ರತ್ಯೇಕ ನಳ ಸಂಪರ್ಕ ಇದೆಯೇ ಎಂಬುದು. ಅನೇಕ ಕಟ್ಟಡಗಳಲ್ಲಿ ಪಾಲಿಕೆಯ ಸಂಪರ್ಕ ಒಂದೇ ಇದ್ದು, ಅದು ನೆಲದಡಿಯ ಸಂಪಿಗೆ ಬಂದು, ಅಲ್ಲಿಂದ ಪಂಪಿನ ಮೂಲಕ ಮೇಲಿನ ಟ್ಯಾಂಕಿಗೆ ಏರಿ ಎಲ್ಲ ಮನೆಗಳಿಗೂ ಹಂಚಿಕೆಯಾಗುತ್ತದೆ. ಹೀಗಿದ್ದರೆ ನಿಮ್ಮ ಹೆಸರಿಗೆ ಬದಲಾಯಿಸಲು ಪಾಲಿಕೆಯಲ್ಲಿ ಏನೂ ಇರುವುದಿಲ್ಲ. ಬೇಕಾದುದು ನಿವಾಸಿಗಳ ಸಂಘದಿಂದ ಹಿಂದಿನ ಮಾಲೀಕರ ನಿರ್ವಹಣಾ ಶುಲ್ಕ ಬಾಕಿಯಿಲ್ಲವೆಂಬ ಪತ್ರ ಮತ್ತು ಸದಸ್ಯರ ಪಟ್ಟಿಯಲ್ಲಿ ನಿಮ್ಮ ಹೆಸರು.

ಪ್ರತ್ಯೇಕ ಸಂಪರ್ಕವಿದ್ದಲ್ಲಿ, ನೀರಿನ ಶುಲ್ಕದ ಬಾಕಿ ತೀರಿಸಿದ ರಸೀದಿ, ಹಳೆಯ ಬಿಲ್ಲಿನಲ್ಲಿರುವ ಸಂಪರ್ಕ ಸಂಖ್ಯೆ, ಹೊಸ ಖಾತೆ ಮತ್ತು ಕ್ರಯಪತ್ರದೊಂದಿಗೆ ಪಾಲಿಕೆಯ ನೀರು ಸರಬರಾಜು ವಿಭಾಗಕ್ಕೆ ಅರ್ಜಿ ಕೊಡಬೇಕು, ಚಿತ್ರದುರ್ಗದವರು ನಗರಸಭೆಗೆ. ಕಟ್ಟಡದ ಒಟ್ಟು ಸಂಪರ್ಕವಾಗಲಿ, ಲಿಫ್ಟು ಮತ್ತು ಪಂಪಿನ ಸಾಮಾನ್ಯ ಆರ್.ಆರ್. ಸಂಖ್ಯೆಯಾಗಲಿ ಬಿಲ್ಡರ್ ಹೆಸರಿನಲ್ಲೇ ಉಳಿದಿದ್ದರೆ, ಅದನ್ನು ಬದಲಾಯಿಸಲು ಅರ್ಜಿ ಸಲ್ಲಿಸಬೇಕಾದವರು ಒಬ್ಬೊಬ್ಬ ಮಾಲೀಕರಲ್ಲ, ನೋಂದಾಯಿತ ಸಂಘ. ಅಲ್ಲಿಯ ಬಾಕಿಗೆ ಪಂಪು ನಿಂತರೆ ತೊಂದರೆ ಎಲ್ಲ ಮನೆಗಳಿಗೂ ಆಗುವುದರಿಂದ, ಆ ಎರಡು ಬಿಲ್ಲುಗಳನ್ನೂ ಮುಂಗಡ ಕೊಡುವ ಮೊದಲೇ ಸಂಘದಿಂದ ಕೇಳಿ ನೋಡಬೇಕು.