ನಾಲ್ಕು ಕೋರ್ ಇದ್ದರೂ ಆಟ ಕುಂಟುತ್ತಿದ್ದುದೇಕೆ?

ತುಮಕೂರಿನ ನಮ್ಮ ಮನೆಯ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಬೇರೆ ಯಂತ್ರವನ್ನು ಅನುಕರಿಸುವ PCSX2 ಎಂಬ ಎಮ್ಯುಲೇಟರ್ ಹಾಕಿ, ಅಣ್ಣನ ಮಗನಿಗಾಗಿ ಪ್ಲೇಸ್ಟೇಷನ್ 2ರ ರೇಸಿಂಗ್ ಆಟ ಓಡಿಸಿದೆ. ವೇಗ ಶೇ. 70ನ್ನು ದಾಟುತ್ತಿರಲಿಲ್ಲ, ಧ್ವನಿ ತುಂಡುತುಂಡಾಗಿ ಕೇಳುತ್ತಿತ್ತು. ಚಿತ್ರದ ರೆಸಲ್ಯೂಷನ್ ಇಳಿಸಿದರೂ ಕಿಂಚಿತ್ತೂ ಬದಲಾಗಲಿಲ್ಲ. ಅಂದರೆ ತೊಡಕು ಗ್ರಾಫಿಕ್ಸ್‌ನದಲ್ಲ.

ಟಾಸ್ಕ್ ಮ್ಯಾನೇಜರ್ ಪ್ರೊಸೆಸರ್ ಬಳಕೆ ಶೇ. 40 ಮಾತ್ರ ಎನ್ನುತ್ತಿತ್ತು. ಆದರೆ ಅದು ನಾಲ್ಕೂ ಕೋರ್‌ಗಳ ಸರಾಸರಿ. ಎಮ್ಯುಲೇಟರ್‌ನ ಪರದೆಯ ಮೇಲೆ ಪ್ರೊಸೆಸರ್ ಬಳಕೆ ಕಾಣುವಂತೆ ಮಾಡಿದಾಗ ನಿಜ ತಿಳಿಯಿತು: ಪ್ಲೇಸ್ಟೇಷನ್ 2ರ ಮುಖ್ಯ ಪ್ರೊಸೆಸರ್ EEಯನ್ನು ಅನುಕರಿಸುವ ಕೆಲಸ ಶೇ. 100ಕ್ಕೆ ತಾಗಿತ್ತು, ಚಿತ್ರ ಮೂಡಿಸುವ GSನದು ಅರ್ಧವೂ ಇರಲಿಲ್ಲ. EEಯ ಸೂಚನೆಗಳನ್ನು ಒಂದರ ಹಿಂದೊಂದರಂತೆ ಅನುಕರಿಸಬೇಕು. ಆ ಕೆಲಸ ಒಂದೇ ಥ್ರೆಡ್‌ನದು, ಒಂದು ಥ್ರೆಡ್ ಒಮ್ಮೆಗೆ ಒಂದೇ ಕೋರ್‌ನಲ್ಲಿ ಓಡುತ್ತದೆ. ಉಳಿದ ಕೋರ್‌ಗಳು ಅದಕ್ಕೆ ಹೆಗಲು ಕೊಡಲಾರವು. ಆದ್ದರಿಂದ ಕೋರ್‌ಗಳ ಸಂಖ್ಯೆಗಿಂತ ಒಂದು ಕೋರ್ ಎಷ್ಟು ಚುರುಕು ಎಂಬುದೇ ಮುಖ್ಯ.

ನಮ್ಮ ಲ್ಯಾಪ್‌ಟಾಪ್ ವಿದ್ಯುತ್ ಉಳಿತಾಯದ ಸ್ಥಿತಿಯಲ್ಲಿ 1.6 ಗಿಗಾಹರ್ಟ್ಸ್‌ನಲ್ಲೇ ನಿಂತಿತ್ತು. ಚಾರ್ಜರ್ ಸಿಕ್ಕಿಸಿ, ಗರಿಷ್ಠ ಕಾರ್ಯಕ್ಷಮತೆಯ ಆಯ್ಕೆ ಮಾಡಿದೊಡನೆ 2.8ಕ್ಕೆ ಏರಿತು. ಜೊತೆಗೆ ಎಮ್ಯುಲೇಟರ್‌ನಲ್ಲಿ MTVU ಎಂಬ ಆಯ್ಕೆಯನ್ನು ಆನ್ ಮಾಡಿದೆ. ಪ್ಲೇಸ್ಟೇಷನ್ 2ರಲ್ಲಿ 3D ಲೆಕ್ಕ ಮಾಡುವ ಎರಡು ವೆಕ್ಟರ್ ಘಟಕಗಳ ಪೈಕಿ ಒಂದರ ಕೆಲಸ ಬೇರೊಂದು ಥ್ರೆಡ್‌ಗೆ ಹೋಯಿತು. ಕೆಲವೇ ಆಟಗಳು ಇದರಿಂದ ಕೆಡುತ್ತವೆ, ನಮ್ಮದು ಕೆಡಲಿಲ್ಲ. ಈಗ EE ಶೇ. 85ರ ಆಸುಪಾಸಿನಲ್ಲಿದ್ದು, ಆಟ ಪೂರ್ಣ ವೇಗದಲ್ಲಿ ಓಡುತ್ತಿದೆ.