ವೆಬ್‌ಸೈಟ್ ಮೆನು ಜೋಡಿಸೋ ಮುಂಚೆ ಚೀಟಿ ಕೊಟ್ಟು ನೋಡಿ

ಸಿಂಧನೂರು ಕಡೆ ಬೀಜ-ಗೊಬ್ಬರದ ಅಂಗಡಿಗೆ ವೆಬ್‌ಸೈಟ್ ಮಾಡೋರು ಮೆನುವನ್ನ ಬೀಜ, ಗೊಬ್ಬರ, ಔಷಧಿ ಅಂತಾನೇ ಇಡ್ತಾರೆ. ಅದು ಅಂಗಡಿಯ ಸ್ಟಾಕ್ ಪುಸ್ತಕದ ಲೆಕ್ಕ. ಕೊಳ್ಳೋ ರೈತರ ಲೆಕ್ಕ ಬೇರೆ ಇರಬಹುದು, ಅಲ್ವಾ? ಅದು ಗೊತ್ತಾಗೋಕೆ ಕಾರ್ಡ್ ಸಾರ್ಟಿಂಗ್ ಮಾಡಿ.

ಒಂದೊಂದು ಚೀಟಿ ಮೇಲೆ ಒಂದೊಂದು ಐಟಂ ಬರೆಯಿರಿ, 30-40 ಸಾಕು. ಸುಮಾರು 15 ಜನ ಗಿರಾಕಿಗಳಿಗೆ ಒಬ್ಬೊಬ್ಬರಿಗೇ ಕೊಟ್ಟು, ಒಟ್ಟಿಗೆ ಇರಬೇಕಾದ್ದನ್ನ ಗುಂಪು ಮಾಡಿ ಹೆಸರು ಇಡೋಕೆ ಹೇಳಿ. ನೀವು ಸುಮ್ನೆ ಕೂತು ಕೇಳಿ.

ಜಾಸ್ತಿ ಜನ ಎಡವೋದು ಚೀಟಿಯ ಬರಹದಲ್ಲೇ. ‘ಭತ್ತದ ಬೀಜ’, ‘ಹತ್ತಿ ಬೀಜ’, ‘ತೊಗರಿ ಬೀಜ’ ಅಂತ ಬರೆದರೆ ‘ಬೀಜ’ ಅನ್ನೋ ಪದ ನೋಡಿಯೇ ಒಂದು ಕಡೆ ಇಟ್ಟುಬಿಡ್ತಾರೆ, ಯೋಚನೆ ಮಾಡೋದೇ ಇಲ್ಲ. ಅದರ ಬದಲು ‘ಸೋನಾ ಮಸೂರಿ’, ‘ಬಿಟಿ ಹತ್ತಿ’ ಅಂತ ಬರೆಯಿರಿ.

ಆಮೇಲೆ ಜೋಡಿ ಎಣಿಸಿ. ಸೋನಾ ಮಸೂರಿ ಜೊತೆ ಭತ್ತದ ಕಳೆನಾಶಕವನ್ನ 15ರಲ್ಲಿ 11 ಜನ ಇಟ್ಟರು ಅಂದ್ಕೊಳ್ಳಿ, ಆಗ ‘ಭತ್ತ’ ಅನ್ನೋ ಮೆನುವೇ ಬೇಕು. ಯೂರಿಯಾ ಮಾತ್ರ ಒಬ್ಬೊಬ್ಬರ ಕೈಲಿ ಒಂದೊಂದು ಗುಂಪಿಗೆ ಹೋಗುತ್ತೆ, ಎಲ್ಲ ಬೆಳೆಗೂ ಬೇಕಲ್ಲ! ಅಂಥದ್ದಕ್ಕೆ ಎರಡು-ಮೂರು ಕಡೆ ಲಿಂಕ್ ಕೊಡಿ. ‘ಇತರೆ’ ಅನ್ನೋ ಗುಂಪಿಗೆ ಬಿದ್ದ ಚೀಟಿಗಳನ್ನ ಹಾಗೇ ಮೆನುಗೆ ಹಾಕಬೇಡಿ, ಬಹುಶಃ ಚೀಟಿ ಮೇಲಿನ ಹೆಸರೇ ಅವರಿಗೆ ಅರ್ಥ ಆಗಿರಲ್ಲ.

ಗುಂಪು ಸರಿಯಾದ ಮಾತ್ರಕ್ಕೆ ಹುಡುಕಿದ್ದು ಸಿಗುತ್ತೆ ಅಂತಲ್ಲ. ಹೊಸ ಮೆನುವನ್ನ ಹಾಳೆ ಮೇಲೆ ಬರೆದು ಬೇರೆಯವರಿಗೆ ತೋರಿಸಿ, ‘ಹತ್ತಿಗೆ ಹುಳ ಬಿದ್ದಿದೆ, ಎಲ್ಲಿ ಒತ್ತುತ್ತೀರಿ?’ ಅಂತ ಕೇಳಿ ನೋಡಿ.