ನಲವತ್ತು ಇಮೇಲ್‌ಗಳ ತಕರಾರಿಗೆ ಒಂದು ತಾರೀಖು ಪಟ್ಟಿ

ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕವೊಂದರಲ್ಲಿ ಪತ್ರವ್ಯವಹಾರ ನೋಡಿಕೊಳ್ಳುವ ನಾನು, ಕಳೆದ ವರ್ಷ 1,200 ಪ್ಯಾಂಟ್‌ಗಳ ಒಂದು ಆರ್ಡರಿಗಾಗಿ ಪರಊರಿನ ವ್ಯಾಪಾರಿಯೊಬ್ಬರೊಂದಿಗೆ 40 ಇಮೇಲ್‌ಗಳಷ್ಟು ವಾದ ಮಾಡಿದ್ದೆ. ವಾಷಿಂಗ್ ಆದ ಮೇಲಿನ ಬಣ್ಣ ಸ್ಯಾಂಪಲ್‌ನಂತಿಲ್ಲ ಎಂದು ಅವರು, ಬಣ್ಣ ತಿಳಿ ಮಾಡಲು ಹೇಳಿದವರೇ ನೀವು ಎಂದು ನಾವು. ಬಾಕಿ ಹಣ ಮಾತ್ರ ಅಲ್ಲೇ ನಿಂತಿತ್ತು.

ಇಂಥ ಸರಣಿಯನ್ನು ಕೊನೆಯ ಪತ್ರದಿಂದ ಹಿಂದಕ್ಕೆ ಓದಿದರೆ ಸಿಟ್ಟೇ ಮೊದಲು ಕಣ್ಣಿಗೆ ಬೀಳುತ್ತದೆ. ಆದ್ದರಿಂದ ನಡೆದದ್ದನ್ನು ತಾರೀಖಿನ ಕ್ರಮದಲ್ಲಿ ಪಟ್ಟಿ ಮಾಡಿ ಎದುರಿನವರಿಗೆ ಕಳುಹಿಸುವುದು ಒಳ್ಳೆಯದು; ಇಬ್ಬರೂ ಒಪ್ಪಿದ್ದ ಕೊನೆಯ ಸಂಗತಿಯನ್ನು ಹುಡುಕಿ, ಪಟ್ಟಿಯನ್ನು ಅಲ್ಲಿಂದ ಆರಂಭಿಸಬೇಕು. ನಮ್ಮಲ್ಲಿ ಅದು ಜೂನ್ 3ರಂದು ಅವರು ಸ್ಯಾಂಪಲ್ ಒಪ್ಪಿ ಬರೆದ ಪತ್ರ. ಅಲ್ಲಿಂದ ಮುಂದೆ ಪ್ರತಿ ಸಾಲಿನಲ್ಲಿ ದಿನಾಂಕ, ಯಾರು ಏನು ಮಾಡಿದರು, ಅದಕ್ಕಿರುವ ದಾಖಲೆ ಯಾವುದು ಎಂಬುದಷ್ಟೇ ಇರಲಿ. 40 ಪತ್ರಗಳಿಂದ ನಮಗೆ ಸಿಕ್ಕಿದ್ದು ಆರೇ ಸಾಲು. ಅವುಗಳಲ್ಲಿ ಮೂರು ಹೀಗಿದ್ದವು:

ಜೂನ್ 11: ಬಣ್ಣ ತಿಳಿ ಮಾಡುವ ಬಗ್ಗೆ ಫೋನಿನಲ್ಲಿ ಮಾತಾಯಿತು. ಬರಹದ ದಾಖಲೆ ಇಲ್ಲ.
ಜೂನ್ 24: ನಾವು 1,200 ಪ್ಯಾಂಟ್ ರವಾನಿಸಿದೆವು. ಒಪ್ಪಿದ ದಿನ ಜೂನ್ 20. (ಡೆಲಿವರಿ ಚಲನ್)
ಜೂನ್ 27: ಬಣ್ಣ ವ್ಯತ್ಯಾಸವಿದೆ ಎಂದು ತಾವು ಫೋಟೊ ಸಹಿತ ತಿಳಿಸಿದಿರಿ. (ಇಮೇಲ್)

ನಾಲ್ಕು ದಿನದ ನಮ್ಮ ತಡವನ್ನು ಬಿಟ್ಟಿದ್ದರೆ ಉಳಿದ ಸಾಲುಗಳನ್ನೂ ಅವರು ನಂಬುತ್ತಿರಲಿಲ್ಲ. ಆದರೆ ತಡವನ್ನು ದಿನಾಂಕವಾಗಿ ಬರೆಯಬೇಕೇ ಹೊರತು, 'ತಪ್ಪು ನಮ್ಮದು' ಎಂಬ ತೀರ್ಪಾಗಿ ಅಲ್ಲ.

ಭಾಷೆಯನ್ನು ಇಲ್ಲಿ ಅಕ್ಷರ ಅಕ್ಷರವಾಗಿ ಸೋಸಬೇಕು. 'ಜೂನ್ 3ರಂದೇ ತಿಳಿಸಿದ್ದೆವು' ಎನ್ನುವುದರಲ್ಲಿರುವ ಆ ಒಂದು ಏಕಾರ, 'ನೀವು ಗಮನಿಸಲಿಲ್ಲ' ಎಂಬ ದೂರನ್ನು ಹೊತ್ತಿರುತ್ತದೆ. 'ಜೂನ್ 3ರಂದು ತಿಳಿಸಿದೆವು' ಎಂದರೆ ಸಾಕು. 'ಆದರೂ', 'ಕೊನೆಗೂ', 'ಪದೇ ಪದೇ' ಎಂಬವನ್ನೂ ಹೊಡೆದುಹಾಕಿ. ಬಳಿಕ ಈ ವ್ಯವಹಾರ ಗೊತ್ತಿಲ್ಲದ ಸಹೋದ್ಯೋಗಿಗೆ ಓದಲು ಕೊಡಿ. ಬರೆದವರು ಯಾವ ಪಕ್ಷದವರೆಂದು ಅವರು ಧಾಟಿಯಿಂದಲೇ ಹೇಳಿಬಿಟ್ಟರೆ, ಇನ್ನೊಮ್ಮೆ ತಿದ್ದುವುದಿದೆ ಎಂದರ್ಥ.

ಈ ಪಟ್ಟಿಯಿರುವ ಪತ್ರವನ್ನು ಹಳೆಯ ಸರಣಿಗೆ ಉತ್ತರವಾಗಿ ಕಳುಹಿಸದೆ, ಆರ್ಡರ್ ಸಂಖ್ಯೆಯಿರುವ ಹೊಸ ವಿಷಯಸಾಲಿನೊಂದಿಗೆ ಪ್ರತ್ಯೇಕವಾಗಿ ಕಳುಹಿಸಿ. ಇಲ್ಲವಾದರೆ ಹಳೆಯ ಕಟುಮಾತೆಲ್ಲ ಕೆಳಗೆ ಅಂಟಿಕೊಂಡೇ ಹೋಗುತ್ತದೆ. ಕೊನೆಯಲ್ಲಿ ಹಣದ ಮಾತೆತ್ತದೆ, 'ಇದರಲ್ಲಿ ಬಿಟ್ಟುಹೋದದ್ದು ಅಥವಾ ತಪ್ಪಾದದ್ದು ಇದ್ದರೆ ಗುರುವಾರದೊಳಗೆ ತಿಳಿಸಬೇಕಾಗಿ ವಿನಂತಿ' ಎಂದಷ್ಟೇ ಕೇಳಿ. ವಕೀಲರ ನೋಟಿಸ್ ಬಂದಿದ್ದರೆ ಮಾತ್ರ, ಅದೇ ಪತ್ರ ಮುಂದೆ ಸಾಕ್ಷ್ಯವಾಗಬಹುದಾದ್ದರಿಂದ, ನಿಮ್ಮ ವಕೀಲರಿಗೆ ತೋರಿಸದೆ ಕಳುಹಿಸಬೇಡಿ.

ನಮಗೆ ಎರಡನೇ ದಿನ ಉತ್ತರ ಬಂತು. ಜೂನ್ 11ರ ಮಾತು ನಡೆದದ್ದು ನಿಜ, ಆದರೆ ತಿಳಿ ಮಾಡಲು ತಾವು ಹೇಳಿದ್ದು 300 ಪ್ಯಾಂಟ್‌ಗಳ ಒಂದು ಲಾಟ್‌ಗೆ ಮಾತ್ರ ಎಂದು ಅವರು ಬರೆದಿದ್ದರು. ನಾವು ಎಲ್ಲವನ್ನೂ ತಿಳಿ ಮಾಡಿಸಿದ್ದೆವು. ಅಂದಿನಿಂದ ಚರ್ಚೆ ಉಳಿದ 900 ಪ್ಯಾಂಟ್‌ಗಳ ದರದ ಬಗ್ಗೆ ಮಾತ್ರ ನಡೆಯಿತು.